ದೋಸೆ ಏಳದಿದ್ದರೆ ಎಣ್ಣೆಗೆ ಮೊದಲು ಕಾವು ನೋಡಿ: ತಿಂಡಿ ಗಾಡಿಯ ಕಾವಲಿಗೆ ದೋಷ ನಿವಾರಣೆ ಕೈಪಿಡಿ

ಒಂದು ಕಾವಲಿ, ಒಂದು ಬರ್ನರ್, ಒಬ್ಬರೋ ಇಬ್ಬರೋ ಸೇರಿ ನಡೆಸುವ ತಿಂಡಿ ಗಾಡಿಯವರಿಗಾಗಿ ಇದನ್ನು ಬರೆದಿದ್ದೇನೆ. ದೊಡ್ಡ ಹೋಟೆಲಿನಲ್ಲಿ ಕಾವಲಿ ಕೈಕೊಟ್ಟರೆ ಪಕ್ಕದಲ್ಲಿ ಇನ್ನೊಂದು ಇರುತ್ತದೆ. ಗಾಡಿಯಲ್ಲಿ ಹಾಗಿಲ್ಲ. ಎಂಟು ಗಂಟೆಗೆ ಹತ್ತು ಜನ ತಟ್ಟೆ ಹಿಡಿದು ನಿಂತಿರುವಾಗ ದೋಸೆ ಏಳದೆ ಹರಿದರೆ, ಸೀದರೆ, ಬಿಳಿಚಿಕೊಂಡು ಬಂದರೆ ಅಲ್ಲೇ, ಆ ಕ್ಷಣದಲ್ಲೇ ಕಾರಣ ಹಿಡಿಯಬೇಕು.

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಎಣ್ಣೆ ಬಾಟಲಿಗೆ ಹೋಗುತ್ತದೆ. ದೋಸೆ ಅಂಟಿತು, ಹಾಗಾದರೆ ಎಣ್ಣೆ ಸಾಲಲಿಲ್ಲ ಎಂಬ ಲೆಕ್ಕ. ನಾನು ನೋಡಿದ ಮಟ್ಟಿಗೆ ರಶ್ಶಿನಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವು ಎಣ್ಣೆಯವಲ್ಲ, ಕಾವಿನವು. ಕಾವು ತಪ್ಪಿದ ಕಾವಲಿಗೆ ಎಣ್ಣೆ ಸುರಿದರೆ ದೋಸೆ ಜಿಡ್ಡಾಗುತ್ತದೆ, ಕಾವಲಿಯ ಅಂಚಿನಲ್ಲಿ ಅಂಟು ಕಟ್ಟುತ್ತದೆ, ಆ ಅಂಟಿನಿಂದಲೇ ಮರುದಿನ ನಿಜವಾಗಿ ದೋಸೆ ಅಂಟುತ್ತದೆ. ಹಾಗಾಗಿ ಪರೀಕ್ಷೆಯ ಕ್ರಮ ಇದು: ಮೊದಲು ಕಾವು, ಆಮೇಲೆ ಉರಿ, ಆಮೇಲೆ ಕಾವಲಿಯ ಮೈ, ಕೊನೆಗೆ ಎಣ್ಣೆ.

ಸೌಟು ಏನು ಹೇಳುತ್ತಿದೆ?

ಹಿಟ್ಟು ಹುಯ್ದು ಸೌಟಿನಿಂದ ಸುತ್ತುವಾಗಲೇ ಕಾವಿನ ಸ್ಥಿತಿ ಗೊತ್ತಾಗುತ್ತದೆ. ದೋಸೆ ಬೇಯುವವರೆಗೆ ಕಾಯಬೇಕಿಲ್ಲ.

ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಂಡು ಎದ್ದು ಬಂದರೆ, ನಡುವೆ ತೂತು ಬಿದ್ದು ಗಂಟು ಗಂಟಾದರೆ ಕಾವಲಿ ಮೀರಿ ಕಾದಿದೆ. ತಳ ಮುಟ್ಟಿದ ಕೂಡಲೇ ಹಿಟ್ಟು ಗಟ್ಟಿಯಾಗುತ್ತದೆ, ಸೌಟು ಅದನ್ನು ಕಿತ್ತುಕೊಂಡು ಬರುತ್ತದೆ. ಇದನ್ನು ನೋಡಿ ‘ಹಿಟ್ಟು ಗಟ್ಟಿಯಾಯಿತು’ ಎಂದು ನೀರು ಬೆರೆಸುವವರಿದ್ದಾರೆ. ಬೆರೆಸಬೇಡಿ. ಒಂದು ಹಿಡಿ ನೀರು ಚಿಮುಕಿಸಿ, ಒರೆಸಿ, ಅದೇ ಹಿಟ್ಟಿನಿಂದ ಇನ್ನೊಂದು ಹುಯ್ಯಿರಿ. ಸರಿಯಾಗಿ ಹರಡಿದರೆ ದೋಷ ಕಾವಿನದು ಎಂದು ಖಾತ್ರಿಯಾಯಿತು.

ಇದಕ್ಕೆ ತಿರುವುಮುರುವಾದ ಸ್ಥಿತಿಯಲ್ಲಿ ಹಿಟ್ಟು ಬೆಣ್ಣೆಯಂತೆ ನುಣ್ಣಗೆ ಹರಡುತ್ತದೆ, ಆದರೆ ಚುಂಯ್ ಎಂಬ ಸದ್ದಿಲ್ಲ, ಹತ್ತು ಹದಿನೈದು ಸೆಕೆಂಡಾದರೂ ಮೇಲೆ ಕಣ್ಣು ಬಿಡುವುದಿಲ್ಲ. ಕಾವಲಿ ತಣ್ಣಗಾಗಿದೆ. ಈ ದೋಸೆ ತಳದಲ್ಲಿ ಬೆಂದು ಗಟ್ಟಿಯಾಗುವ ಮೊದಲೇ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಮಗುಚುವ ಕೈ ಹಾಕಿದರೆ ಹರಿಯುತ್ತದೆ, ಎದ್ದು ಬಂದರೂ ಬಿಳಿಚಿಕೊಂಡಿರುತ್ತದೆ. ಬೆಳಗಿನ ರಶ್ಶಿನಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಎಣ್ಣೆ ಹೆಚ್ಚು ಹಾಕಿದಷ್ಟೂ ಮೋಸ ಮಾಡುವ ದೋಷವೂ ಇದೇ, ಯಾಕೆಂದರೆ ಎಣ್ಣೆ ಬಿಟ್ಟರೆ ಆ ಒಂದು ದೋಸೆ ಹೇಗೋ ಎದ್ದು ಬರುತ್ತದೆ, ಮುಂದಿನದು ಮತ್ತೆ ಅಂಟುತ್ತದೆ.

ಸೌಟಿನ ಸುಳಿವು ಸಾಲದಿದ್ದರೆ ಕೈ ಒದ್ದೆ ಮಾಡಿ ಎರಡು ಹನಿ ಬೀಳಿಸಿ. ಹನಿ ಬಿದ್ದಲ್ಲೇ ಕೂತು ನಿಧಾನಕ್ಕೆ ಕುದಿಯುತ್ತಿದ್ದರೆ ಕಾವು ಸಾಲದು. ಚುರ್ ಎಂದು ಒಂದೆರಡು ಸೆಕೆಂಡಿನಲ್ಲಿ ಆರಿಹೋದರೆ ಹದ. ಮಣಿಯಂತೆ ಉರುಟಾಗಿ ಕಾವಲಿ ತುಂಬ ಓಡಾಡಿದರೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದೆ, ಹಿಟ್ಟು ಹುಯ್ಯುವುದಕ್ಕೆ ಜಾಸ್ತಿ. ಹಿಟ್ಟು ಹುಯ್ಯುವ ಗಳಿಗೆಯಲ್ಲಿ 160ರಿಂದ 180 ಡಿಗ್ರಿ ಇದ್ದು, ದೋಸೆ ಬೇಯುವಾಗ 200ರ ಆಸುಪಾಸಿಗೆ ಏರುವುದು ಒಳ್ಳೆಯ ಲಯ.

ಗುಂಡಿ ಒತ್ತಿದರೆ ಕಾವು ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದ್ದರೆ ಊಹೆಯೇ ಬೇಡ. ಹಣೆಗೆ ಹಿಡಿದು ಜ್ವರ ನೋಡುವಂಥದ್ದು ಇದಕ್ಕೆ ಆಗುವುದಿಲ್ಲ, 350 ಡಿಗ್ರಿಯವರೆಗಾದರೂ ತೋರಿಸುವಂಥದ್ದು ಬೇಕು. ಪಳಗಿ ಕಪ್ಪಾದ ಕಾವಲಿಯ ಮೇಲೆ ಅದು ಸರಿಯಾದ ಅಂಕಿ ಕೊಡುತ್ತದೆ. ಹೊಸದಾಗಿ ಉಜ್ಜಿ ಫಳಫಳ ಹೊಳೆಯುವ ಲೋಹದ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಉರಿ ಏರಿಸಿದರೆ ದೋಸೆ ಸೀಯುತ್ತದೆ.

ಕಾವು ಹೋಗುವುದೆಲ್ಲಿ

ಏಳು ಗಂಟೆಗೆ ಚೆನ್ನಾಗಿದ್ದ ಕಾವಲಿ ಎಂಟಕ್ಕೆ ತಣ್ಣಗಾಗುವುದೇಕೆ, ಉರಿ ಅಷ್ಟೇ ಇದೆಯಲ್ಲ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವ, ಒಂದೂವರೆ ಅಡಿಗೆ ಎರಡು ಅಡಿ ಅಳತೆಯ, 10 ಮಿಲಿಮೀಟರ್ ದಪ್ಪದ ಕಬ್ಬಿಣದ ಕಾವಲಿ ಸುಮಾರು 21-22 ಕೆಜಿ ತೂಗುತ್ತದೆ. ಅದರ ಮೇಲೆ 100 ಮಿಲಿ ನೀರು ಸುರಿದು ಪೂರ್ತಿ ಆರಲು ಬಿಟ್ಟರೆ ಇಡೀ ಕಾವಲಿಯ ಕಾವು ಇಪ್ಪತ್ತು ಇಪ್ಪತ್ತೈದು ಡಿಗ್ರಿ ಇಳಿಯುತ್ತದೆ. ನೂರು ಮಿಲಿ ಎಂದರೆ ಒಂದು ಸಣ್ಣ ಟೀ ಲೋಟ. ಪ್ರತಿ ಸುತ್ತಿಗೂ ಚೊಂಬಿನಿಂದ ನೀರು ಎರಚುವವರು ಪ್ರತಿ ಸುತ್ತಿಗೂ ಅಷ್ಟು ಕಾವನ್ನು ಆವಿ ಮಾಡಿ ಕಳಿಸುತ್ತಿದ್ದಾರೆ.

ದೋಸೆಯೂ ಹಾಗೆಯೇ. ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ನೂರು ಗ್ರಾಂ ಹಿಟ್ಟಿನ ಮೂರು ದೋಸೆ ಬೇಯುವಷ್ಟರಲ್ಲಿ ಹೆಚ್ಚೂಕಡಿಮೆ ಆ ಒಂದು ಲೋಟ ನೀರು ಆರಿಸಿದಷ್ಟೇ ಕಾವು ಹೋಗುತ್ತದೆ. ಕೆಳಗಿನ ಬರ್ನರ್ ಅದನ್ನು ತುಂಬಿಕೊಡುತ್ತಲೇ ಇರುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಒಂದು ಸುತ್ತು ತೆಗೆದ ಮರುಗಳಿಗೆಯಲ್ಲೇ ನೀರು ಎರಚಿ ಮತ್ತೊಂದು ಸುತ್ತು ಹುಯ್ದರೆ ಪ್ರತಿ ಬಾರಿಯೂ ಎಂಟು ಹತ್ತು ಡಿಗ್ರಿ ಸಾಲ ಉಳಿಯುತ್ತದೆ. ಮೊದಲೆರಡು ಸುತ್ತಿನಲ್ಲಿ ಗೊತ್ತೇ ಆಗುವುದಿಲ್ಲ. ಐದನೇ ಸುತ್ತಿಗೆ ಸಾಲ 40-50 ಡಿಗ್ರಿಯಾಗಿ, ದೋಸೆ ಒಮ್ಮೆಲೇ ಅಂಟತೊಡಗುತ್ತದೆ. ‘ಇಷ್ಟೊತ್ತು ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಏನಾಯಿತು’ ಎನ್ನುವವರ ಕಾವಲಿಯಲ್ಲಿ ಇದ್ದಕ್ಕಿದ್ದಂತೆ ಏನೂ ಆಗಿರುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ: ದಪ್ಪ ಕಾವಲಿ ನಿಧಾನ. ಉರಿ ಏರಿಸಿದ ಕೂಡಲೇ ಮೇಲ್ಮೈ ಕಾಯುವುದಿಲ್ಲ. ಸಾಧಾರಣ ಬರ್ನರಿನಲ್ಲಿ, ಖಾಲಿ ಕಾವಲಿಯಲ್ಲೇ, ಮೂವತ್ತು ಡಿಗ್ರಿ ಏರಲು ಐದಾರು ನಿಮಿಷ ಬೇಕಾಗುತ್ತದೆ. ಇಳಿಯುವುದೂ ನಿಧಾನ. ಹಾಗಾಗಿ ರಶ್ಶು ಶುರುವಾದ ಮೇಲೆ ಉರಿ ಏರಿಸುವುದು ತಡವಾದ ಕೆಲಸ. ಎಂಟಕ್ಕೆ ಬಸ್ಸು ಬರುತ್ತದೆ ಎಂದು ಗೊತ್ತಿದ್ದರೆ ಏಳು ಐವತ್ತಕ್ಕೇ ಉರಿ ಸ್ವಲ್ಪ ಏರಿರಬೇಕು.

ಒಂದು ಗಾಡಿಯ ಬೆಳಗು

ಬಸ್ ನಿಲ್ದಾಣದ ಎದುರು ನಿಲ್ಲುವ ಒಂದು ಗಾಡಿಯನ್ನು ತೆಗೆದುಕೊಳ್ಳೋಣ. ಮೇಲೆ ಹೇಳಿದ ಅಳತೆಯದೇ ಕಾವಲಿ, ನಡುವೆ ಒಂದು ದುಂಡು ಬರ್ನರ್. ಆರೂವರೆಗೆ ಒಲೆ ಹಚ್ಚುತ್ತಾರೆ, ಏಳೂ ಮುಕ್ಕಾಲರಿಂದ ಒಂಬತ್ತೂವರೆಯವರೆಗೆ ರಶ್ಶು. ಯಜಮಾನರ ದೂರು ಎರಡು: ಎಂಟರ ನಂತರ ದೋಸೆ ಅಂಟುತ್ತದೆ, ಎಂಟೂ ಮುಕ್ಕಾಲರ ಹೊತ್ತಿಗೆ ಅದೇ ಕಾವಲಿಯಲ್ಲಿ ಸೀಯುತ್ತದೆ. ಹಿಟ್ಟು ಬದಲಿಸಿ ನೋಡಿದ್ದರು, ಎಣ್ಣೆ ಬದಲಿಸಿ ನೋಡಿದ್ದರು.

ಕಾವು ಅಳೆದಾಗ ಏಳು ಗಂಟೆಗೆ ನಡುವೆ 200, ಅಂಚಿನಲ್ಲಿ 165. ಅವರು ಒಂದೇ ಸಲಕ್ಕೆ ನಾಲ್ಕು ದೋಸೆ ಹುಯ್ಯುತ್ತಿದ್ದರು, ನಾಲ್ಕನ್ನೂ ಒಟ್ಟಿಗೆ ತೆಗೆಯುತ್ತಿದ್ದರು, ಕಾವಲಿ ಪೂರ್ತಿ ಖಾಲಿಯಾದಾಗ ಚೊಂಬಿನಿಂದ ನೀರು ಎರಚಿ ಪೊರಕೆಯಿಂದ ಗುಡಿಸುತ್ತಿದ್ದರು. ಎಂಟೂ ಹತ್ತಕ್ಕೆ ನಡುವೆಯೇ 145ಕ್ಕೆ ಇಳಿದಿತ್ತು. ಆಗ ಅವರು ಮಾಡಿದ್ದು ಎರಡು ಕೆಲಸ: ಎಣ್ಣೆ ಜಾಸ್ತಿ ಬಿಟ್ಟರು, ಗ್ಯಾಸಿನ ತಿರುಗಣೆಯನ್ನು ಪೂರ್ತಿ ತೆರೆದರು. ಜನ ಇರುವಷ್ಟು ಹೊತ್ತು ಪೂರ್ತಿ ಉರಿಯೂ ಸಾಲಲಿಲ್ಲ. ಎಂಟೂವರೆಯ ಬಸ್ಸಿಗೆ ಎಲ್ಲರೂ ಹತ್ತಿದರು, ಕಾವಲಿ ಹತ್ತು ನಿಮಿಷ ಖಾಲಿ ಉಳಿಯಿತು, ಉರಿ ಮಾತ್ರ ತೆರೆದೇ ಇತ್ತು. ಮುಂದಿನ ದೋಸೆ ಹುಯ್ಯುವಾಗ ಕಾವು 240. ಮೊದಲು ಸುರಿದಿದ್ದ ಎಣ್ಣೆ ಹೊಗೆಯಾಡಿತು, ಹಿಟ್ಟು ಸೌಟಿಗೆ ಸುತ್ತಿಕೊಂಡಿತು. ಅಂಟುವುದಕ್ಕೂ ಸೀಯುವುದಕ್ಕೂ ಮೂಲ ಒಂದೇ.

ಬದಲಿಸಿದ್ದು ಹಿಟ್ಟನ್ನಲ್ಲ, ಎಣ್ಣೆಯನ್ನಲ್ಲ, ಹುಯ್ಯುವ ಕ್ರಮವನ್ನು. ನಾಲ್ಕು ಒಟ್ಟಿಗೆ ಹುಯ್ಯುವ ಬದಲು ಮೂರು ಜಾಗ ಮಾಡಿಕೊಂಡು, ಒಂದೊಂದಾಗಿ, ನಲವತ್ತೈದು ಸೆಕೆಂಡಿನಿಂದ ಒಂದು ನಿಮಿಷದ ಅಂತರದಲ್ಲಿ ಹುಯ್ಯುವುದು. ಮೊದಲನೆಯದು ಎದ್ದಾಗ ಎರಡನೆಯದು ಕೆಂಪಾಗುತ್ತಿರುತ್ತದೆ, ಮೂರನೆಯದಕ್ಕೆ ಕಣ್ಣು ಬಿಟ್ಟಿರುತ್ತದೆ. ಇಡೀ ಕಾವಲಿ ಒಮ್ಮೆಲೇ ತಣ್ಣಗಾಗುವ ಗಳಿಗೆಯೇ ಬರುವುದಿಲ್ಲ. ದೋಸೆ ಎದ್ದ ಜಾಗಕ್ಕೆ ಮಾತ್ರ ಕೈಯಲ್ಲಿ ಹಿಡಿದಷ್ಟು ನೀರು, ಕೂಡಲೇ ಒದ್ದೆ ಬಟ್ಟೆ ಅಥವಾ ಕಡ್ಡಿ ಪೊರಕೆಯಿಂದ ಒರೆಸುವುದು. ನೀರು ಅಲ್ಲೇ ನಿಂತು ಕುದಿದು ಆರುವುದಕ್ಕೆ ಬಿಡಬಾರದು, ಗುಡಿಸಿ ತೆಗೆದ ನೀರು ಅಷ್ಟಾಗಿ ಕಾವು ಕದಿಯುವುದಿಲ್ಲ. ಬಸ್ಸು ಹೊರಟ ಕೂಡಲೇ ಉರಿ ಅರ್ಧಕ್ಕೆ ಇಳಿಸುವುದು, ಮುಂದಿನ ಬಸ್ಸಿಗೆ ಹತ್ತು ನಿಮಿಷ ಇರುವಾಗ ಮತ್ತೆ ಏರಿಸುವುದು.

ಇಷ್ಟಾದ ಮೇಲೆ ಹುಯ್ಯುವ ಜಾಗದ ಕಾವು 170ರಿಂದ 200ರ ಒಳಗೇ ನಿಂತಿತು. ಒಟ್ಟಿಗೆ ನಾಲ್ಕು ಹುಯ್ಯುವುದನ್ನು ಬಿಟ್ಟರೆ ಜನ ಕಾಯಬೇಕಾಗುತ್ತದೆ ಎಂಬ ಭಯ ಯಜಮಾನರಿಗಿತ್ತು. ಹರಿದು ಪಕ್ಕಕ್ಕೆ ಎಸೆಯುವ ದೋಸೆ ಇಲ್ಲವಾದ್ದರಿಂದ ಸಾಲು ಬೇಗ ಸರಿಯಿತು. ಸೆಟ್ ದೋಸೆ, ಖಾಲಿ ದೋಸೆ ಕೇಳುವವರಿಗೆ ಅವರು ಈಗ ಅಂಚಿನ ಕಡೆಯ ಜಾಗ ಕೊಡುತ್ತಾರೆ. ದಪ್ಪ ದೋಸೆ ನಿಧಾನಕ್ಕೆ ಒಳಗೂ ಬೇಯಬೇಕು, ಅದಕ್ಕೆ ಅಲ್ಲಿನ ಕಡಿಮೆ ಕಾವೇ ಹಿತ.

ಕ್ರಮ ಸರಿಯಿದ್ದೂ ಕಾವು ಬರದಿದ್ದರೆ

ಈಗ ಬಗ್ಗಿ ಉರಿ ನೋಡಬೇಕು. ಉರಿ ನೀಲಿಯಾಗಿ, ಸದ್ದಿಲ್ಲದೆ, ಕಾವಲಿಯ ತಳಕ್ಕೆ ಸಮನಾಗಿ ತಾಗುತ್ತಿರಬೇಕು. ಹಳದಿ ನಾಲಗೆ ಕಂಡರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ ಅಥವಾ ತೂತುಗಳಲ್ಲಿ ಹಿಟ್ಟು, ಎಣ್ಣೆ ಬಿದ್ದು ಕಟ್ಟಿದೆ. ಹಳದಿ ಉರಿ ಕಾವಲಿಯ ತಳಕ್ಕೆ ಮಸಿ ಹಿಡಿಸುತ್ತದೆ, ಆ ಮಸಿಯ ಪದರ ಕಾವು ಮೇಲೆ ಬರದಂತೆ ತಡೆಯುತ್ತದೆ. ವ್ಯಾಪಾರ ಮುಗಿದ ಮೇಲೆ, ಪೂರ್ತಿ ತಣ್ಣಗಾದಾಗ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಮಸಿಯನ್ನು ತಗಡಿನಿಂದ ಕೆರೆದು ತೆಗೆಯಿರಿ.

ಒಂದು ಬದಿಯ ದೋಸೆ ಮಾತ್ರ ಯಾವಾಗಲೂ ಬಿಳಿಚಿಕೊಂಡಿದ್ದರೆ ಗಾಳಿಯನ್ನು ಅನುಮಾನಿಸಿ. ರಸ್ತೆ ಕಡೆಯಿಂದ ಬರುವ ಗಾಳಿ ಉರಿಯನ್ನು ಆಚೆ ಬದಿಗೆ ತಳ್ಳುತ್ತದೆ. ಗಾಡಿಯನ್ನು ಒಮ್ಮೆ ತಿರುಗಿಸಿ ನಿಲ್ಲಿಸಿದಾಗ ತಣ್ಣನೆಯ ಬದಿಯೂ ಬದಲಾದರೆ ಕಾರಣ ಸಿಕ್ಕಿತು. ಮೂರು ಕಡೆ ತಗಡು ಕಟ್ಟಿ. ನಾಲ್ಕನೆಯ ಕಡೆ ಮತ್ತು ತಳ ತೆರೆದೇ ಇರಲಿ, ಇಲ್ಲವಾದರೆ ಉರಿಗೇ ಉಸಿರು ಕಟ್ಟುತ್ತದೆ. ಸಿಲಿಂಡರ್ ಆ ತಗಡಿನ ಒಳಗೆ ಬರಕೂಡದು.

ಮೂರನೆಯದು ಚಳಿಗಾಲದ ತೊಂದರೆ. ಏಳು ಗಂಟೆಗೆ ಜೋರಾಗಿದ್ದ ಉರಿ, ತಿರುಗಣೆ ಮುಟ್ಟದಿದ್ದರೂ ಎಂಟರ ಹೊತ್ತಿಗೆ ಕುಗ್ಗುತ್ತದೆ. ಸಿಲಿಂಡರಿನ ಮೈ ಮುಟ್ಟಿ ನೋಡಿ. ಕೆಳಭಾಗ ತೇವಗೊಂಡು ಕೊರೆಯುತ್ತಿದ್ದರೆ, ಕೆಲವೊಮ್ಮೆ ಬಿಳಿ ಮಂಜೇ ಕಟ್ಟಿದ್ದರೆ, ಒಳಗಿನ ದ್ರವ ತಣ್ಣಗಾಗಿ ಒತ್ತಡ ಇಳಿದಿದೆ. ದೊಡ್ಡ ಬರ್ನರ್ ಬೇಗ ಬೇಗ ಅನಿಲ ಎಳೆದಾಗ ಒಳಗಿನ ದ್ರವ ತನ್ನದೇ ಕಾವು ಕಳೆದುಕೊಂಡು ಆವಿಯಾಗುತ್ತದೆ, ಸಿಲಿಂಡರ್ ಖಾಲಿಯಾಗುತ್ತ ಬಂದಷ್ಟೂ ಇದು ಬೇಗ ಆಗುತ್ತದೆ. ಬಿಸಿನೀರು ಸುರಿಯುವುದು, ಪಕ್ಕದಲ್ಲಿ ಬೆಂಕಿ ಇಡುವುದು, ಸಿಲಿಂಡರ್ ಮಲಗಿಸುವುದು ಯಾವುದೂ ಬೇಡ. ಮಲಗಿಸಿದರೆ ದ್ರವವೇ ಪೈಪಿಗೆ ಬಂದು ಬರ್ನರಿನಲ್ಲಿ ಬೆಂಕಿ ಭಗ್ಗೆನ್ನುತ್ತದೆ. ರಶ್ಶಿನ ಹೊತ್ತಿಗೆ ತುಂಬಿದ ಸಿಲಿಂಡರನ್ನೇ ಜೋಡಿಸಿಕೊಳ್ಳಿ, ಅರ್ಧ ಖಾಲಿಯಾದದ್ದನ್ನು ಒಂಬತ್ತೂವರೆಯ ನಂತರ ಬಳಸಿ.

ಒಂದೇ ಜಾಗದಲ್ಲಿ ಅಂಟುತ್ತಿದ್ದರೆ

ಕಾವು ಸರಿ, ಉರಿ ಸರಿ, ಆದರೂ ಪ್ರತಿ ದೋಸೆಯೂ ಅದೇ ಅಂಗೈ ಅಗಲದ ಜಾಗದಲ್ಲಿ ಕಚ್ಚಿಕೊಳ್ಳುತ್ತದೆ. ಇದು ಕಾವಲಿಯ ಮೈಯ ದೋಷ. ಪಳಗಿದ ಕಾವಲಿಯ ಮೇಲೆ ಎಣ್ಣೆ ಕಾದು ಗಟ್ಟಿಯಾದ ತೆಳುವಾದ ಕಪ್ಪು ಪದರ ಇರುತ್ತದೆ, ದೋಸೆಯನ್ನು ಎಬ್ಬಿಸುವುದು ಅದೇ. ಸೋಪಿನ ಪುಡಿ ಹಾಕಿ ಸ್ಟೀಲ್ ನಾರಿನಿಂದ ತಿಕ್ಕಿದರೆ, ಮಗುಚುವ ಕೈಯ ಚೂಪು ಮೂಲೆಯಿಂದ ಕೆರೆದರೆ ಆ ಪದರ ಕಿತ್ತುಹೋಗಿ ಬೂದುಬಣ್ಣದ ಲೋಹ ಕಾಣುತ್ತದೆ.

ಇದಕ್ಕಿಂತ ಹೆಚ್ಚಾಗಿ ಕಾಣುವುದು ಅಂಟು. ಕಾವಲಿ ಉಗುರುಬೆಚ್ಚಗಿರುವಾಗ ಅಂಚಿನ ಮೇಲೆ ಕಾಗದದ ಚೂರು ಒತ್ತಿ ಎಳೆಯಿರಿ. ಜಿಗುಟಾಗಿ ಹಿಡಿದುಕೊಂಡರೆ, ಕಂದು ಬಣ್ಣದ ಅರಗಿನಂಥ ಪದರ ಕಂಡರೆ, ಅಲ್ಲಿ ಎಣ್ಣೆ ಪೂರ್ತಿ ಗಟ್ಟಿಯಾಗದೆ ಅರೆಬರೆ ಬೆಂದು ಕೂತಿದೆ. ಕಾವು ಕಡಿಮೆ ಇರುವ ಅಂಚಿನಲ್ಲಿ ಎಣ್ಣೆ ಗಂಟೆಗಟ್ಟಲೆ ನಿಂತರೆ ಹೀಗಾಗುತ್ತದೆ. ಈ ಅಂಟಿನ ಮೇಲೆ ಇನ್ನೂ ಎಣ್ಣೆ ಸುರಿದರೆ ಅಂಟಿಗೆ ಅಂಟು ಸೇರುತ್ತದೆ.

ತೆಗೆಯುವ ಬಗೆ ಹೀಗೆ. ವ್ಯಾಪಾರ ಮುಗಿದ ಮೇಲೆ ಕಾವಲಿ ಬಿಸಿಯಿರುವಾಗಲೇ ಒಂದು ಹಿಡಿ ಕಲ್ಲುಪ್ಪು ಹಾಕಿ, ನಾಲ್ಕು ಮಡಿಕೆ ಮಾಡಿದ ಹತ್ತಿ ಬಟ್ಟೆಯನ್ನು ಮಗುಚುವ ಕೈಯಿಂದ ಒತ್ತಿ ಹಿಡಿದು ಉಜ್ಜಬೇಕು. ಉಪ್ಪು ಕಂದು ಬಣ್ಣಕ್ಕೆ ತಿರುಗುತ್ತದೆ, ಗುಡಿಸಿ ತೆಗೆದು ಮತ್ತೊಂದು ಹಿಡಿ ಹಾಕಿ. ಲೋಹ ಕಂಡ ಜಾಗವನ್ನು ಹೊಸದಾಗಿ ಪಳಗಿಸಬೇಕು: ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ತೆಳುವಾಗಿ ಸವರಿ, ಒಣ ಬಟ್ಟೆಯಿಂದ ಅದನ್ನೂ ಒರೆಸಿಬಿಡಿ. ಉಳಿದ ಪಸೆ ಸಣ್ಣಗೆ ಹೊಗೆಯಾಡಿ ನಿಲ್ಲುವವರೆಗೆ ಕಾಯಿಸಿ, ಮೂರು ನಾಲ್ಕು ಬಾರಿ ಹೀಗೇ ಮಾಡಿ. ದಪ್ಪಗೆ ಎಣ್ಣೆ ಹಚ್ಚಿ ಒಂದೇ ಸಲಕ್ಕೆ ಮುಗಿಸಲು ಹೋದರೆ ಮತ್ತೆ ಅದೇ ಅಂಟು ಕಟ್ಟುತ್ತದೆ.

ಗಾಡಿಯಲ್ಲಿ ಆಮ್ಲೆಟ್ಟು, ಈರುಳ್ಳಿ ದೋಸೆ ಕೂಡ ಮಾಡುವವರು ಅದಕ್ಕೆ ಕಾವಲಿಯ ಒಂದೇ ಮೂಲೆಯನ್ನು ಮೀಸಲಿಡುವುದು ಒಳ್ಳೆಯದು. ಈರುಳ್ಳಿಯ ಸಿಹಿ ಸೀದು ಕಲೆ ಹಿಡಿಯುತ್ತದೆ, ಮೊಟ್ಟೆ ಕಚ್ಚಿಕೊಳ್ಳುತ್ತದೆ, ಮುಂದಿನ ಸಾದಾ ದೋಸೆ ಅಲ್ಲೇ ಹರಿಯುತ್ತದೆ.

ಕೊನೆಗೆ ಎಣ್ಣೆ

ಎಣ್ಣೆಗೆ ಎರಡು ಕೆಲಸ, ಎರಡಕ್ಕೂ ಬೇರೆ ಬೇರೆ ಹೊತ್ತು. ಹುಯ್ಯುವ ಮೊದಲು ಈರುಳ್ಳಿಯಿಂದ ಸವರುವುದು ಕಾವಲಿಗೆ, ಅದು ಕಣ್ಣಿಗೆ ಹೊಳಪಷ್ಟೇ ಕಾಣಬೇಕು. ತೊಟ್ಟಿಕ್ಕುವಷ್ಟಿದ್ದರೆ ಹಿಟ್ಟು ಕೂರದೆ ಜಾರುತ್ತದೆ, ಸೌಟಿನ ಜೊತೆ ಇಡೀ ದೋಸೆ ತಿರುಗುತ್ತದೆ. ಮೀರಿ ಕಾದ ಕಾವಲಿಯಲ್ಲೂ ಹಿಟ್ಟು ಎಳೆದುಕೊಂಡು ಬರುವುದರಿಂದ ಇವೆರಡನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಗುರುತು ಸುಲಭ: ಜಾರುವ ದೋಸೆಯ ತಳ ಒದ್ದೆಯಾಗಿ ಮಿನುಗುತ್ತದೆ, ಕಾವಿನಿಂದ ಕಿತ್ತು ಬಂದದ್ದು ಒಣಗಿ ಗಂಟಾಗಿರುತ್ತದೆ. ಎರಡನೆಯ ಎಣ್ಣೆ ಕಣ್ಣು ಬಿಟ್ಟ ಮೇಲೆ, ಅಂಚಿನ ಸುತ್ತ ಮತ್ತು ಮೇಲೆ. ಒಂದು ಸಾದಾ ದೋಸೆಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಮಿಲಿ, ಧಾರಾಳವಾಯಿತು. ಬಾಟಲಿಯ ಮುಚ್ಚಳಕ್ಕೆ ಎರಡು ಸಣ್ಣ ತೂತು ಮಾಡಿಕೊಂಡರೆ ಅವಸರದಲ್ಲೂ ಕೈ ಮೀರುವುದಿಲ್ಲ.

ಯಾವ ಎಣ್ಣೆ ಎನ್ನುವುದು ಹೊಗೆಯಲ್ಲಿ ಗೊತ್ತಾಗುತ್ತದೆ. ರಿಫೈನ್ಡ್ ಸೂರ್ಯಕಾಂತಿ, ರಿಫೈನ್ಡ್ ಕಡಲೆಕಾಯಿ ಎಣ್ಣೆ 220 ಡಿಗ್ರಿ ದಾಟುವವರೆಗೆ ಹೊಗೆಯಾಡುವುದಿಲ್ಲ, ಶುದ್ಧ ತುಪ್ಪವೂ ತಾಳುತ್ತದೆ. ಗಾಣದ ಕಡಲೆಕಾಯಿ ಎಣ್ಣೆ, ಗಾಣದ ಕೊಬ್ಬರಿ ಎಣ್ಣೆ 160-175ರ ಸುಮಾರಿಗೇ ಹೊಗೆಯಾಡತೊಡಗುತ್ತವೆ. ಅವುಗಳ ರುಚಿ ಬೇಕೆನ್ನುವವರು ಕಾವಲಿಗೆ ಸವರಲು ರಿಫೈನ್ಡ್, ದೋಸೆಯ ಮೇಲೆ ಬಿಡಲು ಗಾಣದ್ದು ಎಂದು ಎರಡು ಬಾಟಲಿ ಇಟ್ಟುಕೊಳ್ಳಲಿ. ಬೆಣ್ಣೆಯೂ ಹಾಗೆ. ಅದರಲ್ಲಿರುವ ಹಾಲಿನ ಅಂಶ ಬರಿಯ ಕಾವಲಿಗೆ ತಾಗಿದರೆ ಬೇಗ ಕಪ್ಪಾಗಿ ಚುಕ್ಕಿ ಹಿಡಿಯುತ್ತದೆ. ದಾವಣಗೆರೆ ಬೆಣ್ಣೆ ದೋಸೆಯೇ ಮಾಡುತ್ತೀರಾದರೂ ಬೆಣ್ಣೆ ಬೀಳಬೇಕಾದದ್ದು ದೋಸೆಯ ಮೇಲೆ.

ಬೋಂಡ, ವಡೆ ಕರಿದು ಉಳಿದ ಎಣ್ಣೆಯನ್ನು ಮರುದಿನ ದೋಸೆಗೆ ಸುರಿಯುವ ರೂಢಿಯನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಕರಿದ ಎಣ್ಣೆ ಆಗಲೇ ದಪ್ಪಗಾಗಿರುತ್ತದೆ, ತೆಳುವಾಗಿ ಹರಡಿದ ಕೂಡಲೇ ಜಿಗುಟಾಗುತ್ತದೆ, ಹೊಸ ಎಣ್ಣೆಗಿಂತ ಕಡಿಮೆ ಕಾವಿಗೇ ಹೊಗೆಯಾಡುತ್ತದೆ. ಮೇಲೆ ಹೇಳಿದ ಅಂಟಿಗೆ ಮುಖ್ಯ ಕಾರಣ ಎಷ್ಟೋ ಗಾಡಿಗಳಲ್ಲಿ ಇದೇ. ತಿನ್ನುವವರ ಆರೋಗ್ಯಕ್ಕೂ ಕೆಡುಕು: ಎಣ್ಣೆ ಕೆಡುತ್ತ ಹೋದಂತೆ ಅದರಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸಬಾರದು ಎಂಬ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಗಾಡಿಯಲ್ಲಿ ಅದನ್ನು ಅಳೆಯುವ ಸಾಧನ ಇರುವುದಿಲ್ಲ, ಆದರೆ ಬಣ್ಣ ಕಪ್ಪಾಗುವುದು, ಸಣ್ಣ ನೊರೆ ಏಳುತ್ತ ಇಳಿಯದಿರುವುದು, ಬೆರಳಿಗೆ ಅಂಟುವುದು, ಬೇಗ ಹೊಗೆ ಬರುವುದು ಕೆಟ್ಟ ಎಣ್ಣೆಯ ಗುರುತುಗಳೇ. ಕೆಟ್ಟ ಎಣ್ಣೆಗೆ ಹೊಸದನ್ನು ಬೆರೆಸಿದರೆ ಹೊಸದೂ ಬೇಗ ಕೆಡುತ್ತದೆ.

ಗಾಡಿಯ ಒಳಬದಿಗೆ ಅಂಟಿಸಿಕೊಳ್ಳಲು

- ಒಲೆ ಹಚ್ಚಿ ಮಧ್ಯಮ ಉರಿಯಲ್ಲಿ ಇಪ್ಪತ್ತು ನಿಮಿಷ. ಅಂಚಿನಲ್ಲೂ ಹನಿ ಚುರ್ ಎಂದ ಮೇಲೆ ಮೊದಲ ದೋಸೆ.
- ಉರಿ ನೀಲಿಯೇ? ಸಿಲಿಂಡರ್ ತುಂಬಿದೆಯೇ?
- ರಶ್ಶಿಗೆ ಹತ್ತು ನಿಮಿಷ ಮೊದಲು ಉರಿ ಏರಿಸು. ಜನ ಕರಗಿದ ಕೂಡಲೇ ಇಳಿಸು.
- ಒಂದೊಂದಾಗಿ ಹುಯ್ಯು. ಎದ್ದ ಜಾಗಕ್ಕೆ ಮಾತ್ರ ನೀರು, ಕೂಡಲೇ ಒರೆಸು.
- ಸೌಟಿಗೆ ಸುತ್ತಿಕೊಂಡರೆ ಕಾವು ಜಾಸ್ತಿ: ನೀರು, ಒರೆಸು, ಉರಿ ಇಳಿಸು.
- ಕಣ್ಣು ಬಿಡದಿದ್ದರೆ ಕಾವು ಕಡಿಮೆ: ಎಣ್ಣೆ ಮುಟ್ಟಬೇಡ. ಒಂದು ಜಾಗ ಎರಡು ನಿಮಿಷ ಖಾಲಿ ಬಿಡು.
- ಒಂದೇ ಜಾಗದಲ್ಲಿ ಅಂಟಿದರೆ ಇವತ್ತಿಗೆ ಆ ಜಾಗ ಬಿಡು, ಮುಗಿದ ಮೇಲೆ ಉಪ್ಪು ಹಾಕಿ ಉಜ್ಜು.

ಹಿಟ್ಟಿನ ಬಗ್ಗೆ ಎರಡೇ ಮಾತು. ಫ್ರಿಜ್ಜಿನಿಂದ ತೆಗೆದ ಹಿಟ್ಟು ಕಾವಲಿಯ ಕಾವನ್ನು ಇನ್ನಷ್ಟು ತಿನ್ನುತ್ತದೆ, ಒಂದು ಗಂಟೆ ಮೊದಲೇ ಹೊರಗಿಡಿ. ಕಾವು, ಉರಿ, ಮೈ, ಎಣ್ಣೆ ನಾಲ್ಕೂ ಸರಿಯಿದ್ದು ಎಲ್ಲ ಜಾಗದಲ್ಲೂ ದೋಸೆ ಅಂಟಿದರೆ ಆಗ ಹಿಟ್ಟನ್ನು ಅನುಮಾನಿಸಿ, ಉದ್ದು ಹೆಚ್ಚಾಗಿರಬಹುದು.

ಕಾವಲಿಯೇ ಬಗ್ಗಿದ್ದರೆ

ಎಣ್ಣೆ ಯಾವಾಗಲೂ ನಡುವಿಗೇ ಹರಿದು ಕೊಳದಂತೆ ನಿಲ್ಲುತ್ತಿದ್ದರೆ ಅಥವಾ ಒಂದು ಮೂಲೆಗೆ ಓಡುತ್ತಿದ್ದರೆ, ತಣ್ಣನೆಯ ಕಾವಲಿಯ ಮೇಲೆ ನೀರು ಹಾಕಿ ನೋಡಿ. ನೀರು ಮೂಲೆಗೆ ಓಡಿದರೆ ಗಾಡಿ ಓರೆಯಾಗಿ ನಿಂತಿದೆ, ಚಕ್ರದ ಕೆಳಗೆ ಕಲ್ಲು ಕೊಟ್ಟರೆ ಮುಗಿಯಿತು. ನಡುವೆ ನಿಂತರೆ ಕಾವಲಿ ಬಗ್ಗಿದೆ. ಉದ್ದನೆಯ ನೇರ ಪಟ್ಟಿಯನ್ನು ಅಡ್ಡಲಾಗಿ ಇಟ್ಟು, ಕೆಳಗೆ ಬೆಳಕು ಕಾಣುತ್ತದೆಯೇ ನೋಡಿದರೆ ಎಷ್ಟು ಬಗ್ಗಿದೆ ಎಂದು ತಿಳಿಯುತ್ತದೆ. ಖಾಲಿ ಕಾವಲಿಯನ್ನು ಹೊಗೆ ಬರುವವರೆಗೆ ಕಾಯಿಸಿ ಒಮ್ಮೆಲೇ ತಣ್ಣೀರು ಎರಚುವುದೇ ಬಗ್ಗಲು ಸಾಮಾನ್ಯ ಕಾರಣ. ಎರಕದ ಕಾವಲಿಯಾದರೆ ಬಗ್ಗುವ ಬದಲು ಬಿರುಕು ಬಿಡುತ್ತದೆ.

ತೀರಾ ಸ್ವಲ್ಪ ಬಗ್ಗಿದ್ದರೆ ಸೆಟ್ ದೋಸೆಗೆ ನಡೆಯುತ್ತದೆ, ತೆಳು ಮಸಾಲೆ ದೋಸೆಗೆ ತೊಂದರೆಯೇ. ವೆಲ್ಡಿಂಗ್ ಅಂಗಡಿಯಲ್ಲಿ ತಟ್ಟಿ ನೇರ ಮಾಡಿಸಿದ 10 ಮಿಲಿಮೀಟರ್ ಕಾವಲಿ ಮತ್ತೆ ಅದೇ ಕಡೆಗೆ ಬಗ್ಗುವ ಸಂಭವ ಇದೆ. ಹೊಸದು ಮಾಡಿಸುವುದಾದರೆ 12 ಅಥವಾ 16 ಮಿಲಿಮೀಟರ್ ದಪ್ಪ ಕೇಳಿ. ದಪ್ಪ ಹೆಚ್ಚಿದಷ್ಟೂ ರಶ್ಶಿನಲ್ಲಿ ಕಾವು ಹೆಚ್ಚು ಹೊತ್ತು ನಿಲ್ಲುತ್ತದೆ. ಬೆಳಗ್ಗೆ ಕಾಯಲು ಮಾತ್ರ ಹೆಚ್ಚು ಸಮಯ ಹಿಡಿಯುತ್ತದೆ, 16ರದ್ದಾದರೆ ಒಲೆಯನ್ನು ಕಾಲು ಗಂಟೆ ಮೊದಲೇ ಹಚ್ಚಬೇಕು. ಗಾಡಿಯ ಚೌಕಟ್ಟು ಮೂವತ್ತೈದು ಕೆಜಿ ಭಾರ ತಾಳುತ್ತದೆಯೇ ಎಂದು ನೋಡಿಕೊಂಡೇ ಮುಂಗಡ ಕೊಡಿ.